ಫಿಲೆಟ್ ಮೊದಲೋ, ಶೆಲ್ ಮೊದಲೋ: ಫ್ಯೂಷನ್ ಟೈಮ್‌ಲೈನಿನಲ್ಲಿ ಹಿಂದಿನ ಫೀಚರುಗಳನ್ನು ತಿದ್ದಿದ ಒಂದು ಪ್ರಕರಣ

ನೀರಿನ ಟ್ಯಾಂಕಿನ ಮಟ್ಟ ತೋರಿಸುವ ಸಣ್ಣ ಸರ್ಕೀಟ್ ಬೋರ್ಡೊಂದಕ್ಕೆ 3ಡಿ ವಿನ್ಯಾಸದ ತಂತ್ರಾಂಶವಾದ ಆಟೊಡೆಸ್ಕ್ ಫ್ಯೂಷನ್‌ನಲ್ಲಿ ತಯಾರಿಸಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯೇ ಈ ಪ್ರಕರಣದ ವಸ್ತು. ಮಾದರಿಯನ್ನು ಬೇರೊಬ್ಬರು ರಚಿಸಿದ್ದರು. ತಿದ್ದುಪಡಿಗಾಗಿ ಅದು ನಮ್ಮಲ್ಲಿಗೆ ಬಂದಿತ್ತು. ಪೆಟ್ಟಿಗೆಯ ಹೊರ ಅಳತೆ 100 × 70 ಮಿಮೀ, ಎತ್ತರ 35 ಮಿಮೀ, ಗೋಡೆಯ ದಪ್ಪ 2 ಮಿಮೀ. ಕೇಳಿದ್ದ ಬದಲಾವಣೆ ಒಂದೇ: ಹೊರಗಿನ ನಾಲ್ಕು ನಿಂತ ಮೂಲೆಗಳ ದುಂಡುತನವನ್ನು 3 ಮಿಮೀ ತ್ರಿಜ್ಯದಿಂದ 6 ಮಿಮೀ ತ್ರಿಜ್ಯಕ್ಕೆ ಏರಿಸಬೇಕು. ಒಂದು ಅಂಕಿಯನ್ನು ಬದಲಿಸಿದರೆ ಮುಗಿಯಬೇಕಾಗಿದ್ದ ಈ ಕೆಲಸ ಟೈಮ್‌ಲೈನಿನ ಅರ್ಧ ಭಾಗವನ್ನು ತೆರೆದು ನೋಡುವಂತೆ ಏಕೆ ಮಾಡಿತು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಪರದೆಯ ಕೆಳಗಿನ ಟೈಮ್‌ಲೈನಿನಲ್ಲಿ ಎಡದಿಂದ ಬಲಕ್ಕೆ, ಮಾದರಿಯನ್ನು ಕಟ್ಟಿದ ಹಂತಗಳಾದ ಫೀಚರುಗಳು ಹೀಗಿದ್ದವು. Sketch1 ಮೂಲಬಿಂದುವನ್ನು ನಡುವಿಟ್ಟುಕೊಂಡು ಬರೆದ ಆಯತ. Extrude1 ಅದನ್ನು 35 ಮಿಮೀ ಎತ್ತರಿಸಿದ ಘನ. Shell1 ಮೇಲ್ಮುಖವನ್ನು ತೆಗೆದು ಒಳಗನ್ನು ಟೊಳ್ಳು ಮಾಡಿದ ಹಂತ. ಆ ಬಳಿಕ ಒಳತಳದ ಮೇಲೆ ಬೋರ್ಡನ್ನು ಕೂರಿಸುವ ನಾಲ್ಕು ಗುಂಡನೆಯ ಕಂಬಗಳಿಗಾಗಿ Sketch2 ಮತ್ತು Extrude2, ಅವುಗಳಲ್ಲಿ ಸ್ಕ್ರೂ ಕೊರೆಯಲು Hole1, 70 ಮಿಮೀ ಅಗಲದ ಪಕ್ಕದ ಗೋಡೆಯಲ್ಲಿ ಕೇಬಲ್ ಗ್ಲ್ಯಾಂಡಿಗೆ 12.5 ಮಿಮೀ ರಂಧ್ರ ಕತ್ತರಿಸುವ Sketch3 ಮತ್ತು Extrude3 ಇದ್ದವು. ಇವೆಲ್ಲ ಆದ ಮೇಲೆ ಮೂಲೆಗಳನ್ನು ದುಂಡಾಗಿಸುವ Fillet1 ಬರುತ್ತಿತ್ತು. ಅದರ ಬಲಕ್ಕೆ ಮುಚ್ಚಳದ ಕಾಂಪೊನೆಂಟ್ ಇತ್ತು. ಪೆಟ್ಟಿಗೆಯ ಬಾಯಿಯ ಹೊರ ಅಂಚನ್ನು ಪ್ರೊಜೆಕ್ಟ್ ಮಾಡಿಕೊಂಡ Sketch4 ಅದಕ್ಕೆ ಆಧಾರವಾಗಿತ್ತು.

ಎಚ್ಚರಿಕೆಯಿಲ್ಲದ ದೋಷ

Fillet1ರ ಮೇಲೆ ಎರಡು ಸಲ ಕ್ಲಿಕ್ಕಿಸಿ ತ್ರಿಜ್ಯವನ್ನು 6 ಎಂದು ಬದಲಿಸಿದಾಗ ಫ್ಯೂಷನ್ ಯಾವ ತಕರಾರನ್ನೂ ಮಾಡಲಿಲ್ಲ. ಟೈಮ್‌ಲೈನಿನ ಒಂದು ಐಕಾನೂ ಹಳದಿಯಾಗಲಿಲ್ಲ, ಕೆಂಪಾಗಲಿಲ್ಲ. ಹೊರಗಿನಿಂದ ನೋಡಿದರೆ ಪೆಟ್ಟಿಗೆ ಕೇಳಿದಂತೆಯೇ ಇತ್ತು. ತೊಂದರೆ ಕಂಡದ್ದು 3ಡಿ ಮುದ್ರಣಕ್ಕಾಗಿ ಮಾದರಿಯನ್ನು ಪದರಗಳಾಗಿ ಸೀಳುವ ಸ್ಲೈಸರಿನಲ್ಲಿ ತೆರೆದಾಗ. ಪದರಗಳ ಮುನ್ನೋಟದಲ್ಲಿ ನಾಲ್ಕೂ ಮೂಲೆಗಳಲ್ಲಿ ಗೋಡೆಯ ಗೆರೆ ಕಡಿದುಹೋಗಿ, ಮೇಲಿನಿಂದ ಕೆಳಗಿನವರೆಗೆ ಸಂದು ಬಿಟ್ಟಿತ್ತು.

ಕಾರಣ ಸರಳ ಜ್ಯಾಮಿತಿಯಲ್ಲಿದೆ. ಶೆಲ್ ಆಗುವ ಹೊತ್ತಿಗೆ ಹೊರ ಮೂಲೆ ಚೂಪಾಗಿತ್ತು, ಆದ್ದರಿಂದ ಒಳ ಮೂಲೆಯೂ ಚೂಪಾಗಿಯೇ ಹುಟ್ಟಿತು. ಆಮೇಲೆ ಬಂದ ಫಿಲೆಟ್ ಹೊರಗಿನ ವಸ್ತುವನ್ನು ಮಾತ್ರ ಕೆರೆದು ತೆಗೆಯಿತು. ಒಳಮೂಲೆ ಇದ್ದಲ್ಲೇ ಉಳಿಯಿತು. ಗೋಡೆಯ ದಪ್ಪ d, ಹೊರ ತ್ರಿಜ್ಯ R ಆಗಿದ್ದು, R ಎಂಬುದು d ಗಿಂತ ದೊಡ್ಡದಾಗಿದ್ದರೆ, ಮೂಲೆಯ ಕರ್ಣದ ಗುಂಟ ಉಳಿಯುವ ದಪ್ಪ t ಹೀಗೆ ಸಿಗುತ್ತದೆ:

```
t = R - (R - d) * sqrt(2)
```

ದಪ್ಪ 2 ಮಿಮೀ, ತ್ರಿಜ್ಯ 3 ಮಿಮೀ ಇದ್ದಾಗ ಮೂಲೆಯಲ್ಲಿ 1.59 ಮಿಮೀ ಉಳಿಯುತ್ತಿತ್ತು. ಅದು ಗೋಡೆಗಿಂತ ತೆಳುವಾಗಿದ್ದರೂ ಮುದ್ರಣಕ್ಕೆ ಸಾಲುತ್ತಿದ್ದುದರಿಂದ ಅದುವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ತ್ರಿಜ್ಯ 6 ಆದಾಗ ಉಳಿಯುವುದು 0.34 ಮಿಮೀ ಮಾತ್ರ, 0.4 ಮಿಮೀ ನಾಝಲ್ ಇರುವ ಯಂತ್ರದ ಸ್ಲೈಸರ್ ಅಷ್ಟು ತೆಳುವಾದ ಗೋಡೆಯನ್ನು ಕೈಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ತ್ರಿಜ್ಯ 6.83 ಮಿಮೀ ತಲುಪಿದರೆ ದಪ್ಪ ಸೊನ್ನೆಯಾಗುತ್ತದೆ. ಫ್ಯೂಷನ್‌ನ Section Analysis ಬಳಸಿ ಪೆಟ್ಟಿಗೆಯನ್ನು ಅಡ್ಡಲಾಗಿ ಸೀಳಿ ಅಳೆದಾಗಲೂ ಇದೇ 0.34 ದೊರೆಯಿತು.

ಶೆಲ್‌ಗಿಂತ ಮೊದಲೇ ಫಿಲೆಟ್ ಬಂದಿದ್ದರೆ ಚಿತ್ರವೇ ಬೇರೆ. ಶೆಲ್ ಎನ್ನುವುದು ಆ ಕ್ಷಣಕ್ಕೆ ಇರುವ ಹೊರಮೈಯನ್ನು ಒಳಗೆ ಸರಿಸುವ ಕ್ರಿಯೆಯಾದ್ದರಿಂದ, 6 ಮಿಮೀ ಹೊರ ತ್ರಿಜ್ಯಕ್ಕೆ 4 ಮಿಮೀ ಒಳ ತ್ರಿಜ್ಯ ತಾನಾಗಿಯೇ ಬಂದು, ಗೋಡೆ ಎಲ್ಲೆಡೆಯೂ 2 ಮಿಮೀ ಆಗಿರುತ್ತದೆ. ಒಳ ಮೂಲೆಗೆ ಪ್ರತ್ಯೇಕವಾಗಿ ಇನ್ನೊಂದು ಫಿಲೆಟ್ ಹಾಕಿಯೂ ಇದೇ ಆಕಾರವನ್ನು ಪಡೆಯಬಹುದಿತ್ತು. ಆದರೆ ಆಗ ಎರಡು ತ್ರಿಜ್ಯಗಳನ್ನು ಪ್ರತಿ ಸಲವೂ ಜೊತೆಯಾಗಿ ಬದಲಿಸುವ ಹೊಣೆ ಮುಂದೆ ಮಾದರಿಯನ್ನು ಮುಟ್ಟುವವರ ತಲೆಗೆ ಬೀಳುತ್ತದೆ. ಆದ್ದರಿಂದ ಕ್ರಮವನ್ನೇ ಸರಿಪಡಿಸುವುದೆಂದು ತೀರ್ಮಾನಿಸಲಾಯಿತು.

ಎಳೆದರೆ ಹೋಗದ ಫಿಲೆಟ್

ತ್ರಿಜ್ಯವನ್ನು ಮತ್ತೆ 3ಕ್ಕೆ ತಂದು, ವಿವರಣೆ ಬರೆದು ಫೈಲನ್ನು ಹೊಸ ಆವೃತ್ತಿಯಾಗಿ ಉಳಿಸಿದ ಬಳಿಕವೇ ಕ್ರಮಕ್ಕೆ ಕೈ ಹಾಕಲಾಯಿತು. Ctrl+Z ಇದ್ದೇ ಇದೆಯಾದರೂ, ಫೈಲು ಮುಚ್ಚಿದ ಮೇಲೆ ಅದು ಸಿಗುವುದಿಲ್ಲ. ಉಳಿಸಿದ ಆವೃತ್ತಿ ಸಿಗುತ್ತದೆ. ಕ್ರಮದ ಬದಲಾವಣೆಯನ್ನೂ ಅಳತೆಯ ಬದಲಾವಣೆಯನ್ನೂ ಒಟ್ಟಿಗೆ ಮಾಡದಿರುವುದು ಇಲ್ಲಿ ಬೇಕೆಂದೇ ಇಟ್ಟುಕೊಂಡ ನಿಯಮ. ತ್ರಿಜ್ಯ 3 ಆಗಿರುವಾಗಲೇ ಕ್ರಮ ಬದಲಿಸಿದರೆ, ಹೊರ ಆಕಾರ ಮೊದಲಿನಂತೆಯೇ ಇರಬೇಕು. ಇಲ್ಲದಿದ್ದರೆ ದೋಷ ಕ್ರಮದಿಂದಲೇ ಬಂದದ್ದು ಎಂದು ನಿಶ್ಚಯವಾಗಿ ಹೇಳಬಹುದು.

ಟೈಮ್‌ಲೈನಿನಲ್ಲಿ ಫೀಚರಿನ ಐಕಾನನ್ನು ಹಿಡಿದು ಎಡಕ್ಕೋ ಬಲಕ್ಕೋ ಎಳೆದರೆ ಅದರ ಕ್ರಮ ಬದಲಾಗುತ್ತದೆ. ಆದರೆ ಯಾವ ಫೀಚರೂ ತನಗೆ ಆಧಾರವಾದ ಫೀಚರಿಗಿಂತ ಹಿಂದಕ್ಕೆ ಹೋಗಿ ಬದುಕಲಾರದು. ಐಕಾನ್ ಕೆಲವೊಮ್ಮೆ ಆ ಜಾಗದಲ್ಲಿ ಕೂರುವುದೇ ಇಲ್ಲ, ಕೆಲವೊಮ್ಮೆ ಕೂತು ಹಳದಿಗೋ ಕೆಂಪಿಗೋ ತಿರುಗುತ್ತದೆ. ಎರಡರ ಅರ್ಥವೂ ಒಂದೇ, ಅದು ಹಿಡಿದುಕೊಂಡಿದ್ದ ಅಂಚೋ ಮುಖವೋ ಅಲ್ಲಿ ಇನ್ನೂ ಹುಟ್ಟಿಲ್ಲ. ನಿಂತ ಮೂಲೆಗಳ ಅಂಚುಗಳು ಹುಟ್ಟುವುದು Extrude1ರಲ್ಲಿ. ಆ ಲೆಕ್ಕದಲ್ಲಿ Fillet1 ಯಾವ ಅಡ್ಡಿಯೂ ಇಲ್ಲದೆ Extrude1ರ ಮಗ್ಗುಲಿಗೆ ಬರಬೇಕಾಗಿತ್ತು. ಆದರೆ ಅದು Shell1ರ ಎಡಕ್ಕೆ ದಾಟಲಿಲ್ಲ.

Fillet1ರ ಸಂವಾದ ಪೆಟ್ಟಿಗೆಯನ್ನು ತೆರೆದಾಗ ಕಾರಣ ಸಿಕ್ಕಿತು. ಅದರೊಳಗೆ ಎರಡು ಸಾಲುಗಳಿದ್ದವು: ಮೊದಲನೆಯದರಲ್ಲಿ ನಾಲ್ಕು ನಿಂತ ಅಂಚುಗಳು, 3 ಮಿಮೀ, ಎರಡನೆಯದರಲ್ಲಿ ಪೆಟ್ಟಿಗೆಯ ಬಾಯಿಯ ಒಳ ಅಂಚು, 0.5 ಮಿಮೀ. ಬಾಯಿಯ ಒಳ ಅಂಚು ಎಂಬುದು ಶೆಲ್ ಆಗುವವರೆಗೆ ಅಸ್ತಿತ್ವದಲ್ಲೇ ಇರುವುದಿಲ್ಲ. ಒಂದೇ ಫೀಚರಿನಲ್ಲಿ ಹಲವು ತ್ರಿಜ್ಯಗಳನ್ನು ತುಂಬಿಸಿದರೆ ಟೈಮ್‌ಲೈನ್ ಚಿಕ್ಕದಾಗಿ ಕಾಣುತ್ತದೆ ನಿಜ, ಆದರೆ ಅವುಗಳಲ್ಲಿ ಎಲ್ಲಕ್ಕಿಂತ ತಡವಾಗಿ ಹುಟ್ಟಿದ ಅಂಚೇ ಇಡೀ ಫೀಚರಿನ ಸ್ಥಾನವನ್ನು ಕಟ್ಟಿಹಾಕುತ್ತದೆ.

ಇಲ್ಲಿ ಎರಡು ದಾರಿಗಳಿದ್ದವು. ಮಾದರಿ ಯಾವ ಹಂತದವರೆಗೆ ಕಾಣಬೇಕೆಂದು ಟೈಮ್‌ಲೈನಿನಲ್ಲಿ ಗುರುತಿಸುವ ಮಾರ್ಕರನ್ನು Extrude1ರ ಬಲ ಮಗ್ಗುಲಿಗೆ ಹಿಂದೆ ಸರಿಸಿ, ನಾಲ್ಕು ಮೂಲೆಗಳಿಗೆ ಹೊಸದೊಂದು ಫಿಲೆಟ್ ಹಾಕಿ, ಹಳೆಯ Fillet1ರಿಂದ ಮೊದಲ ಸಾಲನ್ನು ತೆಗೆಯುವುದು ಒಂದು. ಹಳೆಯ Fillet1ರಿಂದ ಬಾಯಂಚಿನ ಸಾಲನ್ನು ತೆಗೆದು, ಉಳಿದದ್ದನ್ನು ಎಡಕ್ಕೆ ಎಳೆದು, ಬಾಯಂಚಿಗೆ ಕೊನೆಯಲ್ಲಿ ಹೊಸ ಫಿಲೆಟ್ ಹಾಕುವುದು ಇನ್ನೊಂದು. ಅಂತಿಮ ಆಕಾರ ಎರಡರಲ್ಲೂ ಒಂದೇ. ಹಾಗಿದ್ದರೂ ಎರಡನೆಯದನ್ನೇ ಆರಿಸಿದ್ದಕ್ಕೆ ಮುಚ್ಚಳ ಕಾರಣ. ಮುಚ್ಚಳದ Sketch4 ಪ್ರೊಜೆಕ್ಟ್ ಮಾಡಿಕೊಂಡ ಕಮಾನುಗಳು Fillet1 ಹುಟ್ಟಿಸಿದ ಮುಖದ ಅಂಚುಗಳು. ಫ್ಯೂಷನ್ ಒಂದು ಅಂಚನ್ನು ಗುರುತಿಸುವುದು ಅದು ಇರುವ ಜಾಗದಿಂದಲ್ಲ, ಅದನ್ನು ಹುಟ್ಟಿಸಿದ ಫೀಚರುಗಳ ಮೂಲಕ. ಹೊಸ ಫಿಲೆಟ್ ಅದೇ ಜಾಗದಲ್ಲಿ ಅದೇ ಕಮಾನನ್ನು ಮೂಡಿಸಿದರೂ ಅದು ಫ್ಯೂಷನ್‌ನ ಲೆಕ್ಕದಲ್ಲಿ ಬೇರೆಯೇ ಕಮಾನು. Sketch4 ಹಳೆಯದನ್ನು ಕಳೆದುಕೊಂಡು ಹಳದಿಯಾಗಿ, ಮುಚ್ಚಳ 3 ಮಿಮೀ ಮೂಲೆಯಲ್ಲೇ ಹೆಪ್ಪುಗಟ್ಟಿ ನಿಲ್ಲುವ ಸಂಭವವಿತ್ತು. ಇತ್ತ 0.5 ಮಿಮೀ ಬಾಯಂಚಿನ ಫಿಲೆಟ್ಟನ್ನು ಯಾವ ಫೀಚರೂ ನೆಚ್ಚಿಕೊಂಡಿರಲಿಲ್ಲ. ಹೀಗೆ ಎರಡರಲ್ಲಿ ಒಂದನ್ನು ಹೊಸದಾಗಿ ಮಾಡಲೇಬೇಕಾದಾಗ, ಯಾರೂ ಆಧರಿಸದ್ದನ್ನು ಹೊಸದಾಗಿ ಮಾಡಿ, ಇತರರು ಆಧರಿಸಿದ್ದನ್ನು ಎಳೆದು ತರುವುದು ಸುರಕ್ಷಿತ.

ಎಳೆಯುವ ಮುನ್ನ

Fillet1 ಎಡಕ್ಕೆ ಹೋದರೆ Shell1ರಿಂದ Extrude3ರವರೆಗಿನ ಪ್ರತಿಯೊಂದು ಫೀಚರೂ ಇನ್ನು ಮುಂದೆ ಚೂಪು ಮೂಲೆಯ ಪೆಟ್ಟಿಗೆಯ ಬದಲು ದುಂಡು ಮೂಲೆಯ ಪೆಟ್ಟಿಗೆಯನ್ನು ಕಾಣುತ್ತದೆ. ಹಾಗಾಗಿ ಈ ನಡುವಿನ ಫೀಚರುಗಳು ಏನನ್ನು ಹಿಡಿದುಕೊಂಡಿವೆ ಎಂದು ಮೊದಲೇ ನೋಡಬೇಕಾಗುತ್ತದೆ. Sketch2 ತೆರೆದಾಗ ನಾಲ್ಕು ವೃತ್ತಗಳ ಕೇಂದ್ರಗಳಿಗೆ ಒಳತಳದ ಮೂಲೆಬಿಂದುಗಳಿಂದ 5 ಮಿಮೀ, 5 ಮಿಮೀ ಎಂದು ಡೈಮೆನ್ಷನ್ ಕೊಟ್ಟಿರುವುದು ಕಂಡಿತು. ಆ ಬಿಂದುಗಳು ಶೆಲ್‌ನ ಚೂಪು ಒಳಮೂಲೆಗಳು. ಮೂಲೆ ದುಂಡಾದ ಕೂಡಲೇ ಅವು ಇಲ್ಲವಾಗುತ್ತವೆ.

ಆಧಾರ ಜೀವಂತವಾಗಿರುವಾಗಲೇ ಅದನ್ನು ಬದಲಿಸುವುದಕ್ಕೂ, ಕಳೆದುಹೋದ ಮೇಲೆ ಹುಡುಕುವುದಕ್ಕೂ ಬಹಳ ವ್ಯತ್ಯಾಸವಿದೆ. ಈಗ ತೆರೆದರೆ ಸ್ಕೆಚ್ ಪೂರ್ತಿ ಕಪ್ಪು ಗೆರೆಗಳಲ್ಲಿದ್ದು, ಏನು ಎಲ್ಲಿಂದ ಅಳೆದದ್ದೆಂದು ಓದಬಹುದು. ಆಮೇಲೆ ತೆರೆದರೆ ಉದ್ದೇಶವನ್ನು ಊಹಿಸಬೇಕಾಗುತ್ತದೆ. ಪೆಟ್ಟಿಗೆಯ ಒಳ ಅಳತೆ 96 × 66 ಮಿಮೀ, ಅಂಚಿನಿಂದ 5 ಮಿಮೀ ಬಿಟ್ಟರೆ ಕಂಬಗಳ ನಡುವಿನ ಅಂತರ 86 × 56 ಮಿಮೀ. ಬೋರ್ಡಿನ ನಕ್ಷೆಯಲ್ಲಿದ್ದ ರಂಧ್ರಗಳ ಅಂತರವೂ ಅದೇ. ವಾಸ್ತವದಲ್ಲಿ ಮುಖ್ಯವಾದ ಅಳತೆ ಅದೇ ಆಗಿದ್ದು, ಗೋಡೆಯಿಂದ 5 ಮಿಮೀ ಎಂಬುದು ಅದರ ನೆರಳು ಮಾತ್ರ. ಆದ್ದರಿಂದ ಮೂಲಬಿಂದುವಿನ ಸುತ್ತ 86 × 56ರ ಕನ್‌ಸ್ಟ್ರಕ್ಷನ್ ಆಯತವನ್ನು ಬರೆದು, ಹಳೆಯ ಡೈಮೆನ್ಷನ್‌ಗಳನ್ನು ಅಳಿಸಿ, ವೃತ್ತಗಳ ಕೇಂದ್ರಗಳನ್ನು ಆ ಆಯತದ ಮೂಲೆಗಳಿಗೆ ಕೂಡಿಸಲಾಯಿತು. ಕೊನೆಯಲ್ಲಿ ಪ್ರೊಜೆಕ್ಟ್ ಆಗಿದ್ದ ನೇರಳೆ ಗೆರೆಗಳನ್ನೂ ತೆಗೆಯಲಾಯಿತು. ವೃತ್ತಗಳನ್ನು ಮಾತ್ರ ಅಳಿಸಿ ಮರುಬರೆಯಲಿಲ್ಲ. Extrude2 ಹಿಡಿದಿರುವುದು ಆ ವೃತ್ತಗಳ ಪ್ರೊಫೈಲನ್ನೇ ಆದ್ದರಿಂದ, ಅವು ಹೋದರೆ ಕಂಬಗಳೂ ಅವುಗಳ ಮೇಲಿನ Hole1 ಕೂಡ ಹೋಗುತ್ತವೆ. ಡೈಮೆನ್ಷನ್ ಅಳಿದು ಹೊಸ ಕೂಡಿಕೆ ಬರುವವರೆಗೆ ವೃತ್ತಗಳು ಸ್ಥಾನ ನಿಗದಿಯಾಗಿಲ್ಲವೆಂಬ ಗುರುತಾದ ನೀಲಿಗೆ ತಿರುಗಿ, ಆಮೇಲೆ ಮತ್ತೆ ಕಪ್ಪಾದವು.

ಇದರೊಂದಿಗೆ ಕೆಲವು ಅಳತೆಗಳನ್ನು Measure ಆಜ್ಞೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಾಯಿತು: ಎದುರುಬದುರು ಕಂಬಗಳ ಅಂತರ, ಗ್ಲ್ಯಾಂಡ್ ರಂಧ್ರದ ಕೇಂದ್ರದಿಂದ ಎಡಬಲದ ಹೊರಗೋಡೆಗಳಿಗೆ ಇರುವ ದೂರ, ಮುಚ್ಚಳದ ಒಟ್ಟು ಉದ್ದ ಅಗಲ. ಐಕಾನ್‌ಗಳ ಬಣ್ಣವನ್ನು ಮಾತ್ರ ನಂಬುವವರಿಗೆ ಇದು ಅತಿ ಎನಿಸಬಹುದು. ಈ ಪ್ರಕರಣದಲ್ಲಿ ನಿಜವಾದ ದೋಷವನ್ನು ಹಿಡಿದುಕೊಟ್ಟದ್ದು ಆ ಕಾಗದವೇ.

ಎಳೆದ ಮೇಲೆ, ಒಂದೊಂದೇ ಹೆಜ್ಜೆ

Fillet1ರಿಂದ ಬಾಯಂಚಿನ ಸಾಲನ್ನು ತೆಗೆದ ಮೇಲೆ ಐಕಾನ್ ತಕರಾರಿಲ್ಲದೆ Extrude1ಕ್ಕೂ Shell1ಕ್ಕೂ ನಡುವೆ ಕೂತಿತು. ಕೂತ ಕೂಡಲೇ ಫ್ಯೂಷನ್ ಬಲಗಡೆಯ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿತು. ಎಲ್ಲವನ್ನೂ ಒಮ್ಮೆಲೇ ನೋಡುವ ಬದಲು, Shell1ರ ಮೇಲೆ ಬಲ ಕ್ಲಿಕ್ ಮಾಡಿ Roll History Marker Here ಆರಿಸಿ ಮಾರ್ಕರನ್ನು ಅಲ್ಲಿಗೆ ತರಲಾಯಿತು. ಮಾರ್ಕರಿನ ಬಲಕ್ಕಿರುವ ಫೀಚರುಗಳು ಆಗ ಮಂಕಾಗುತ್ತವೆ, ಮಾದರಿ ಆ ಹಂತದಲ್ಲಿ ಹೇಗಿತ್ತೋ ಹಾಗೆ ಕಾಣುತ್ತದೆ. ಟೈಮ್‌ಲೈನಿನ ಎಡ ತುದಿಯ ಗುಂಡಿಗಳಲ್ಲಿ ಒಂದು ಹೆಜ್ಜೆ ಮುಂದಿಡುವ ಗುಂಡಿಯನ್ನು ಒತ್ತುತ್ತಾ, ಪ್ರತಿ ಹೆಜ್ಜೆಯಲ್ಲೂ ಒಮ್ಮೆ ನೋಡಿ ಮುಂದುವರಿಯುವುದರ ಲಾಭವೇನೆಂದರೆ, ಮೊದಲ ದೋಷ ಎಲ್ಲಿ ಹುಟ್ಟಿತೋ ಅಲ್ಲೇ ಸಿಗುತ್ತದೆ. ಕೊನೆಯಿಂದ ನೋಡಿದರೆ ಒಂದೇ ದೋಷ ಐದಾರು ಹಳದಿ ಐಕಾನ್‌ಗಳಾಗಿ ಕಂಡು, ಬೇಡದ ಕಡೆ ರಿಪೇರಿ ಮಾಡಿಸುತ್ತದೆ.

ಶೆಲ್ ಸರಿಯಾಗಿತ್ತು, ಸೀಳಿ ನೋಡಿದಾಗ ಒಳ ತ್ರಿಜ್ಯ 1 ಮಿಮೀ, ಗೋಡೆ ಎಲ್ಲೆಡೆ 2 ಮಿಮೀ. ಕಂಬಗಳು ಅಲುಗಲಿಲ್ಲ. Sketch3 ಕೂಡ ಹಳದಿಯಾಗಲಿಲ್ಲ, Extrude3 ಕೂಡ ಆಗಲಿಲ್ಲ, ರಂಧ್ರವೂ ಗೋಡೆಯಲ್ಲಿ ಇತ್ತು. ಆದರೆ ಕಾಗದದಲ್ಲಿ 35, 35 ಎಂದಿದ್ದ ದೂರಗಳು ಈಗ 38, 32 ಎಂದು ಬಂದವು. ರಂಧ್ರ 3 ಮಿಮೀ ಪಕ್ಕಕ್ಕೆ ಸರಿದಿತ್ತು.

Sketch3ರಲ್ಲಿ ರಂಧ್ರದ ಕೇಂದ್ರಕ್ಕೆ ಗೋಡೆಯ ಎಡಗಡೆಯ ನಿಂತ ಅಂಚಿನಿಂದ 35 ಮಿಮೀ ಎಂದು ಕೊಡಲಾಗಿತ್ತು. ಚೂಪು ಮೂಲೆ ಇದ್ದಾಗ ಆ ಅಂಚು ಪೆಟ್ಟಿಗೆಯ ಹೊರ ಮೂಲೆಯೇ ಆಗಿತ್ತು. ಫಿಲೆಟ್ ಮುಂಚೆ ಬಂದ ಮೇಲೆ ಅದೇ ಸಮತಟ್ಟು ಮುಖ ಮೂಲೆಯಿಂದ 3 ಮಿಮೀ ಒಳಗೆ, ಕಮಾನು ಶುರುವಾಗುವ ಗೆರೆಯಲ್ಲಿ ಕೊನೆಗೊಳ್ಳುತ್ತದೆ. ಅಂಚು ಕಳೆದುಹೋಗಿರಲಿಲ್ಲ, ಸರಿದಿತ್ತು. ಅದನ್ನು ನೆಚ್ಚಿದ ಅಳತೆಯೂ ಜೊತೆಗೆ ಸರಿಯಿತು. ಫ್ಯೂಷನ್‌ನ ದೃಷ್ಟಿಯಲ್ಲಿ ಎಲ್ಲ ಆಧಾರಗಳೂ ಸಿಕ್ಕಿವೆ, ಎಲ್ಲ ಲೆಕ್ಕಗಳೂ ಆಗಿವೆ, ಆದ್ದರಿಂದ ಎಚ್ಚರಿಸುವ ಪ್ರಮೇಯವೇ ಇಲ್ಲ. ಇದನ್ನು ಇಲ್ಲಿ ಹಿಡಿಯದೆ ತ್ರಿಜ್ಯವನ್ನು 6 ಮಾಡಿದ್ದರೆ ರಂಧ್ರ 41ಕ್ಕೆ ಹೋಗುತ್ತಿತ್ತು. ಕೆಂಪು ಐಕಾನ್ ಕಂಡರೆ ಯಾರಾದರೂ ನಿಲ್ಲುತ್ತಾರೆ. ಹೀಗೆ ಸದ್ದಿಲ್ಲದೆ ಸರಿಯುವ ಅಳತೆ ಮುದ್ರಣವಾಗಿ ಬಂದು, ಗ್ಲ್ಯಾಂಡ್ ಒಳಗಿನ ಕನೆಕ್ಟರಿಗೆ ತಾಗುವವರೆಗೆ ಗೊತ್ತಾಗುವುದಿಲ್ಲ.

ಪರಿಹಾರ Sketch2ರಂತೆಯೇ: ಅಂಚಿನಿಂದ ಕೊಟ್ಟ ಅಳತೆಯನ್ನು ಅಳಿಸಿ, ಕೇಂದ್ರವನ್ನು ಮೂಲಬಿಂದುವಿನ ನೇರಕ್ಕೆ ಕೂಡಿಸಲಾಯಿತು. ಒಂದು ಫೀಚರನ್ನು ತಿದ್ದಲು ತೆರೆದಾಗ ಫ್ಯೂಷನ್ ತಾನೇ ತಾತ್ಕಾಲಿಕವಾಗಿ ಆ ಹಂತಕ್ಕೆ ಹಿಂದೆ ಸರಿಯುತ್ತದೆ. ಬಲಗಡೆಯ ಮುಖವಾಗಲಿ ಅಂಚಾಗಲಿ ಆರಿಸಲು ಸಿಗುವುದಿಲ್ಲ. ಇರುವುದನ್ನು ತಿದ್ದಲು ಇಷ್ಟು ಸಾಕು. ನಡುವೆ ಹೊಸದನ್ನು ಸೇರಿಸಬೇಕಾದರೆ ಮಾತ್ರ ಮಾರ್ಕರನ್ನು ಕೈಯಾರೆ ಹಿಂದಕ್ಕೆ ತರಬೇಕು, ಏಕೆಂದರೆ ಹೊಸ ಫೀಚರು ಹುಟ್ಟುವುದು ಮಾರ್ಕರ್ ಇರುವ ಜಾಗದಲ್ಲೇ. ಬಾಯಂಚಿನ 0.5 ಮಿಮೀ ಫಿಲೆಟ್ಟನ್ನು ಹಾಗೆಯೇ, ಮಾರ್ಕರನ್ನು Extrude3ರ ಬಳಿಕ ನಿಲ್ಲಿಸಿ, ಮುಚ್ಚಳದ ಕಾಂಪೊನೆಂಟಿಗೆ ಮುಂಚೆ ಸೇರಿಸಲಾಯಿತು. ಕ್ರಮ ಬದಲಾಗುವ ಮುನ್ನ ಇದನ್ನು ಮಾಡಿದ್ದರೆ ಚೂಪು ಮೂಲೆಗಳಲ್ಲಿ ಕೂಡುವ ನಾಲ್ಕು ನೇರ ಅಂಚುಗಳನ್ನು ಆರಿಸಬೇಕಿತ್ತು; ಈಗ ಮೂಲೆಗಳು ದುಂಡಾಗಿರುವುದರಿಂದ ಒಂದು ಅಂಚನ್ನು ಒತ್ತಿದರೆ ಸುತ್ತಲಿನದೆಲ್ಲ ಸರಪಳಿಯಾಗಿ ಸೇರಿಕೊಂಡಿತು.

ಮುಚ್ಚಳದ Sketch4 ಹಳದಿಯಾಗಲಿಲ್ಲ, ಉದ್ದ ಅಗಲಗಳೂ ಕಾಗದದಲ್ಲಿದ್ದಂತೆಯೇ ಇದ್ದವು. ಎಳೆದ ಫೀಚರು ತನ್ನ ಗುರುತನ್ನು ಹೊತ್ತುಕೊಂಡೇ ಹೋಗುತ್ತದೆ ಎಂಬ ನಿರೀಕ್ಷೆ ಇಲ್ಲಿ ಫಲಿಸಿತು. ಎಲ್ಲ ಮಾದರಿಗಳಲ್ಲೂ ಹೀಗೇ ಆಗುತ್ತದೆಂದು ಹೇಳಲಾಗದು. ನಡುವಿನ ಫೀಚರುಗಳು ಅಂಚನ್ನು ತುಂಡರಿಸುವಂತಿದ್ದರೆ ಪ್ರೊಜೆಕ್ಟ್ ಆದ ಗೆರೆಗಳನ್ನು ಮರಳಿ ಆರಿಸಬೇಕಾಗಬಹುದು.

ಕೊನೆಯ ಬದಲಾವಣೆ

ಮಾರ್ಕರನ್ನು ಬಲ ತುದಿಗೆ ತಂದು, Compute All ಒಮ್ಮೆ ಓಡಿಸಿ, ಎಲ್ಲವೂ ಶುದ್ಧವಾಗಿದೆಯೆಂದು ಖಚಿತಪಡಿಸಿಕೊಂಡು ಇನ್ನೊಂದು ಆವೃತ್ತಿ ಉಳಿಸಲಾಯಿತು. ಮಾರ್ಕರ್ ನಡುವೆ ನಿಂತಿರುವಾಗ ಫೈಲನ್ನು ಉಳಿಸಲೂ ಬರುತ್ತದೆ, ಮುದ್ರಣಕ್ಕೆ ರಫ್ತು ಮಾಡಲೂ ಬರುತ್ತದೆ. ಆದರೆ ರಫ್ತಾಗುವುದು ಮಾರ್ಕರಿನವರೆಗಿನ ಆಕಾರ ಮಾತ್ರ. ಗ್ಲ್ಯಾಂಡ್ ರಂಧ್ರವಿಲ್ಲದ ಪೆಟ್ಟಿಗೆ ಮುದ್ರಣವಾಗಿ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ತ್ರಿಜ್ಯವನ್ನು 6ಕ್ಕೆ ಏರಿಸುವ ಮೂಲ ಕೆಲಸ ನಡೆದದ್ದು ಇದಾದ ಮೇಲೆ. ಒಳ ತ್ರಿಜ್ಯ 4 ಮಿಮೀ ಆಯಿತು, ಗ್ಲ್ಯಾಂಡ್ ರಂಧ್ರ 35ರಲ್ಲೇ ನಿಂತಿತು, ಮುಚ್ಚಳದ ಮೂಲೆಗಳು ತಾವಾಗಿ ಹಿಂಬಾಲಿಸಿದವು. ದುಂಡಾದ ಒಳಮೂಲೆ 92 × 62 ಮಿಮೀ ಬೋರ್ಡಿನ ಚೂಪು ಮೂಲೆಗೆ ತಾಗುವುದೇ ಎಂಬುದೊಂದು ಹೊಸ ಪ್ರಶ್ನೆಯಾಗಿ ಉಳಿದಿತ್ತು. ಬೋರ್ಡಿನ ಸುತ್ತ 2 ಮಿಮೀ ಜಾಗ ಇರುವಾಗ ಕರ್ಣದಲ್ಲಿ 1.17 ಮಿಮೀ ಉಳಿಯುತ್ತದೆ, ಸಾಕು. ಹೊರ ತ್ರಿಜ್ಯವನ್ನು 8ಕ್ಕೆ ಏರಿಸಿದರೆ ಅದು 0.34ಕ್ಕೆ ಇಳಿಯುತ್ತದೆ, ಆಗ ಬೋರ್ಡಿನ ಅಂಚು ಸ್ವಲ್ಪ ಒರಟಾಗಿದ್ದರೂ ಸಿಕ್ಕಿಕೊಳ್ಳುತ್ತದೆ.

ಹೊರ ತ್ರಿಜ್ಯ ಗೋಡೆಯ ದಪ್ಪಕ್ಕೆ ಸಮನಾದರೆ ಅಥವಾ ಅದಕ್ಕಿಂತ ಕಡಿಮೆಯಾದರೆ ಶೆಲ್‌ನ ಒಳಮೂಲೆ ಮತ್ತೆ ಚೂಪಾಗುತ್ತದೆ. ಕಮಾನು ಇದ್ದಕ್ಕಿದ್ದಂತೆ ಮಾಯವಾದರೆ ಬಾಯಂಚಿನ ಫಿಲೆಟ್ ತನ್ನ ಆಧಾರ ಕಳೆದುಕೊಳ್ಳಬಹುದು. ಅದು ಎಂದೂ ಆಗದಂತೆ Change Parametersನಲ್ಲಿ `wall` ಎಂಬ ಹೆಸರಿನ ಅಳತೆಯನ್ನು 2 ಮಿಮೀ ಎಂದು ಸೇರಿಸಿ, Shell1ರ ದಪ್ಪಕ್ಕೆ ಅದನ್ನೇ ಕೊಟ್ಟು, ಉಳಿದವನ್ನು ಅದರ ಮೇಲೆ ಹೀಗೆ ಕಟ್ಟಲಾಯಿತು:

```
Fillet1:  wall + 4 mm
Sketch1:  96 mm + 2 * wall
          66 mm + 2 * wall
```

ಈಗ ಗೋಡೆಯನ್ನು 2.5 ಮಿಮೀ ಮಾಡಿದರೆ ಪೆಟ್ಟಿಗೆ ಹೊರಕ್ಕೆ 101 × 71 ಆಗಿ ಬೆಳೆಯುತ್ತದೆ, ಹೊರ ತ್ರಿಜ್ಯ 6.5 ಆಗುತ್ತದೆ, ಬೋರ್ಡ್ ಕೂರುವ ಒಳಜಾಗದ ಉದ್ದ ಅಗಲಗಳೂ ಅದರ 4 ಮಿಮೀ ಮೂಲೆಯೂ ಇದ್ದಂತೆಯೇ ಇರುತ್ತವೆ.